ಕಿವಿತಮಟೆ ತೂತಾದಾಗ ನೀರು ಯಾಕೆ ಬೇಡ

ಕೆನ್ನೆಗೆ ಬೀಳಬೇಕಿದ್ದ ಏಟು ತುಸು ಜಾರಿ ಕಿವಿಗೆ ಬಿದ್ದರೆ, ಅಂಗೈ ಒಂದು ಕ್ಷಣ ಕಿವಿಯ ಬಾಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ನಾಳದೊಳಗಿನ ಗಾಳಿಗೆ ಹೊರಗೆ ಬರಲು ದಾರಿಯಿಲ್ಲ. ಅದು ಒಳಕ್ಕೆ ನುಗ್ಗಿ, ನಾಳದ ಕೊನೆಯಲ್ಲಿರುವ ತೆಳುಪೊರೆಯನ್ನು ಹರಿಯುತ್ತದೆ. ಈ ಪೊರೆಯೇ ಕಿವಿತಮಟೆ. ಅಗಲ ಸುಮಾರು 9 ಮಿಲಿಮೀಟರ್, ದಪ್ಪ ಸುಮಾರು 0.1 ಮಿಲಿಮೀಟರ್. ಹೊಡೆಯುವವರಲ್ಲಿ ಹೆಚ್ಚಿನವರು ಬಲಗೈಯವರು, ಎದುರಿಗೆ ನಿಂತು ಹೊಡೆಯುತ್ತಾರೆ. ಹಾಗಾಗಿ ಏಟಿನಿಂದ ಹರಿದ ಕಿವಿಗಳಲ್ಲಿ ಎಡಗಿವಿಯೇ ಜಾಸ್ತಿ. ಪಟಾಕಿ ಹತ್ತಿರದಲ್ಲಿ ಸಿಡಿದಾಗ, ಎತ್ತರದಿಂದ ಬಾವಿಗೆ ಹಾರಿದವರ ಕಿವಿ ನೀರಿಗೆ ಅಪ್ಪಳಿಸಿದಾಗ ಆಗುವುದೂ ಇದೇ. ಕಿವಿ ಕೆರೆಯಲು ಹೇರ್‌ಪಿನ್ನು, ಬೆಂಕಿಕಡ್ಡಿ ಹಾಕಿಕೊಂಡಿದ್ದಾಗ ಯಾರೋ ಮೊಣಕೈ ತಾಗಿಸಿದರೆ ತೂತು ನೇರವಾಗಿಯೇ ಬೀಳುತ್ತದೆ.

ಸೋಂಕಿನಿಂದ ತೂತಾಗುವ ಬಗೆ ಬೇರೆ. ಮಗುವಿಗೆ ನೆಗಡಿಯಾಗುತ್ತದೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಕೊಳವೆ ಊದಿಕೊಂಡು ಮುಚ್ಚುತ್ತದೆ, ತಮಟೆಯ ಹಿಂದೆ ಕೀವು ತುಂಬುತ್ತದೆ. ರಾತ್ರಿಯಿಡೀ ಅತ್ತ ಮಗು ಬೆಳಗಿನ ಹೊತ್ತಿಗೆ ಸುಮ್ಮನಾಗಿ ನಿದ್ದೆ ಹೋಗಿರುತ್ತದೆ, ದಿಂಬಿನ ಮೇಲೆ ಕೀವಿನ ಕಲೆ ಇರುತ್ತದೆ. ಒತ್ತಡ ತಾಳಲಾರದೆ ತಮಟೆ ಒಂದು ಕಡೆ ಬಿಟ್ಟುಕೊಂಡಿದ್ದರಿಂದಲೇ ನೋವು ನಿಂತಿದ್ದು. ನೋವು ಹೋಯಿತೆಂದು ಆಸ್ಪತ್ರೆಗೆ ಹೋಗುವುದನ್ನು ಕೈಬಿಡುವುದು ಈ ಹಂತದಲ್ಲೇ. ಆದರೆ ತೂತು ಇರುವುದೂ ಈಗಲೇ.

ಇಷ್ಟು ತೆಳುವಾದ ಪೊರೆ ಹರಿದರೂ ಬಹುಪಾಲು ತಾನಾಗಿಯೇ ಕೂಡಿಕೊಳ್ಳುತ್ತದೆ. ಏಟಿನಿಂದಾದ ತೂತುಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಎರಡು-ಮೂರು ತಿಂಗಳೊಳಗೆ ಮುಚ್ಚುತ್ತವೆ. ಸೋಂಕಿನ ಸಣ್ಣ ತೂತು ಕೀವು ನಿಂತ ಕೆಲವೇ ದಿನಗಳಲ್ಲಿ ಮುಚ್ಚುವುದೂ ಉಂಟು. ಇದು ಹೇಗೆಂದು ತಿಳಿದರೆ ನೀರಿನ ವಿಷಯವೂ ಅರ್ಥವಾಗುತ್ತದೆ.

ತಮಟೆಗೆ ಮೂರು ಪದರ. ಹೊರಗೆ ಚರ್ಮ, ನಡುವೆ ಗಟ್ಟಿ ನಾರಿನ ಪದರ, ಒಳಗೆ ಬಾಯಿಯೊಳಗಿನಂಥ ಒದ್ದೆ ಪೊರೆ. ಹೊರಗಿನ ಚರ್ಮಕ್ಕೆ ಮೈಯ ಬೇರೆ ಚರ್ಮಕ್ಕಿಲ್ಲದ ಒಂದು ಗುಣವಿದೆ. ಅದು ತಮಟೆಯ ನಡುವಿನಿಂದ ಅಂಚಿಗೆ, ಅಂಚಿನಿಂದ ನಾಳದ ಬಾಯಿಯ ಕಡೆಗೆ ಸದಾ ಮೆಲ್ಲಗೆ ಸರಿಯುತ್ತಿರುತ್ತದೆ. ವೇಗ ಉಗುರು ಬೆಳೆಯುವಷ್ಟು, ದಿನಕ್ಕೆ ಸುಮಾರು 0.1 ಮಿಲಿಮೀಟರ್. ಕಿವಿ ತನ್ನ ಕೊಳೆಯನ್ನು ತಾನೇ ಹೊರಹಾಕುವುದು ಹೀಗೆ. ತೂತು ಬಿದ್ದಾಗ ಈ ಚರ್ಮವೇ ಅಂಚಿನಿಂದ ಹೊರಟು ಖಾಲಿ ಜಾಗವನ್ನು ದಾಟಲು ತೊಡಗುತ್ತದೆ. ಮೈಮೇಲಿನ ಗಾಯದಲ್ಲಿ ಮೊದಲು ಕೆಳಗಿನ ಮಾಂಸ ತುಂಬಿ, ಆಮೇಲೆ ಚರ್ಮ ಹಬ್ಬುತ್ತದೆ. ಇಲ್ಲಿ ಚರ್ಮವೇ ಮುಂದೆ ಹೋಗುತ್ತದೆ, ನಾರಿನ ಪದರ ಹಿಂದಿನಿಂದ ಬರುತ್ತದೆ, ಕೆಲವರಲ್ಲಿ ಬರುವುದೇ ಇಲ್ಲ. ಅಂಥವರ ತಮಟೆಯಲ್ಲಿ ಆ ಜಾಗ ಕೊನೆಯವರೆಗೂ ತೆಳುವಾಗಿಯೇ ಉಳಿಯುತ್ತದೆ.

ಒಬ್ಬ ಕಾಲೇಜು ಹುಡುಗಿಯ ಕಥೆ ಎಂದಿಟ್ಟುಕೊಳ್ಳೋಣ. ಕಬಡ್ಡಿ ಆಡುವಾಗ ಎದುರಾಳಿಯ ಅಂಗೈ ಅವಳ ಎಡಗಿವಿಗೆ ಬಡಿಯಿತು. ಟಪ್ಪೆಂದ ಹಾಗಾಯಿತು, ಚುರುಕ್ಕೆಂದಿತು, ಆಮೇಲೆ ಗುಂಯ್‌ಗುಡಲು ಶುರುವಾಯಿತು. ಬೆರಳಿಗೆ ಒಂದು ಹನಿ ರಕ್ತ ಅಂಟಿತು. ಮರುದಿನ ವೈದ್ಯರು ಬೆಳಕಿನ ಉಪಕರಣ ಹಿಡಿದು ನೋಡಿದಾಗ ತಮಟೆಯ ಕೆಳಭಾಗದಲ್ಲಿ ಸುಮಾರು 3 ಮಿಲಿಮೀಟರಿನ, ಅಂಚು ಚಿಂದಿಯಾದ ತೂತು ಕಂಡಿತು. ಟ್ಯೂನಿಂಗ್ ಫೋರ್ಕನ್ನು ಮಿಡಿದು ಹಣೆಯ ಮೇಲಿಟ್ಟಾಗ ನಾದ ಪೆಟ್ಟಾದ ಕಿವಿಯಲ್ಲೇ ಜೋರಾಗಿ ಕೇಳಿಸಿತು. ಇದು ಒಳ್ಳೆಯ ಸೂಚನೆ, ಕೆಟ್ಟಿರುವುದು ಸದ್ದು ಸಾಗುವ ದಾರಿ, ಒಳಗಿನ ನರವಲ್ಲ ಎಂದರ್ಥ. ನಾದ ಆರೋಗ್ಯದ ಕಿವಿಯ ಕಡೆಗೆ ಸರಿದಿದ್ದರೆ, ತಲೆಸುತ್ತು ನಿಲ್ಲದೆ ವಾಂತಿಯಾಗಿದ್ದರೆ, ಮುಖ ಒಂದು ಕಡೆ ವಾಲಿದ್ದರೆ, ತಲೆಗೆ ಪೆಟ್ಟಾಗಿ ಕಿವಿಯಿಂದ ತಿಳಿನೀರು ಸೋರಿದ್ದರೆ ಅವಳನ್ನು ಅಂದೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗುತ್ತಿತ್ತು.

ವೈದ್ಯರು ಕಿವಿಗೆ ಯಾವ ಹನಿಯನ್ನೂ ಬರೆದುಕೊಡಲಿಲ್ಲ. ಹೊಸದಾಗಿ ಹರಿದ, ಒಣಗಿರುವ ಕಿವಿಗೆ ಔಷಧವೇ ಬೇಕಿಲ್ಲ. ನೀರು ಬೇಡ, ಎಣ್ಣೆ ಬೇಡ, ಬಡ್ಸ್ ಬೇಡ, ಮೂಗನ್ನು ಜೋರಾಗಿ ಸೀದಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ, ಇಷ್ಟೇ ಹೇಳಿದರು. ಎರಡು ವಾರ ಕಳೆದು ನೋಡಿದಾಗ ತೂತು ಅರ್ಧಕ್ಕಿಳಿದಿತ್ತು. ಮೂರನೇ ವಾರ ಅವಳು ಊರಿಗೆ ಹೋದಳು. “ಕಿವಿ ಇನ್ನೂ ಗುಂಯ್ ಅಂತದಾ ಮಗಾ? ಎಣ್ಣೆ ಬಿಟ್ಟು ತಲೆಗೆ ಬಿಸಿನೀರು ಹಾಕ್ಕೋ, ಸರಿ ಹೋಗ್ತದೆ” ಎಂದರು ಅಜ್ಜಿ. ಮೊಮ್ಮಗಳ ಮೇಲಿನ ಅಕ್ಕರೆಯಿಂದಲೇ ಆಡಿದ ಮಾತು. ಮೂರು ದಿನಕ್ಕೆ ಕಿವಿ ಸೋರತೊಡಗಿತು.

ಆಗಿದ್ದೇನು? ತಮಟೆಯ ಹಿಂದಿನ ಕೋಣೆ ಹೊರಗಿನ ನೀರಿಗೆ ತೆರೆದುಕೊಳ್ಳುವಂಥ ಜಾಗವಲ್ಲ. ಎಣ್ಣೆಯೂ ನೀರೂ ತೂತಿನಿಂದ ಒಳಗಿಳಿದಾಗ ನಾಳದಲ್ಲಿದ್ದ ರೋಗಾಣುಗಳನ್ನು ಜೊತೆಗೆ ಕೊಂಡೊಯ್ದವು. ತೇವದಲ್ಲಿ ಸೊಂಪಾಗಿ ಬೆಳೆಯುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಇಂಥ ಕಿವಿಗಳಲ್ಲಿ ಪದೇ ಪದೇ ಸಿಗುತ್ತದೆ. ಕೀವು ಬಂದರೆ ಹಬ್ಬುತ್ತಿದ್ದ ಚರ್ಮದ ಅಂಚು ಕೊಳೆತು ಹಿಂದೆ ಸರಿಯುತ್ತದೆ. ಸಾಬೂನು, ಶಾಂಪೂ ಬೆರೆತ ನೀರಂತೂ ಇನ್ನೂ ಕೆಟ್ಟದ್ದು. ಬರಿಯ ನೀರಿನ ಹನಿ ತನ್ನ ಬಿಗಿತದಿಂದ ಸಣ್ಣ ತೂತಿನ ಬಾಯಲ್ಲೇ ನಿಲ್ಲಬಹುದು, ಸಾಬೂನು ಆ ಬಿಗಿತವನ್ನು ಕಳೆಯುವುದರಿಂದ ನೀರು ಸಲೀಸಾಗಿ ಒಳಗೆ ಇಳಿಯುತ್ತದೆ. ಈಜುವವರಿಗೆ ಇನ್ನೊಂದು ಅಪಾಯವಿದೆ. ತಣ್ಣೀರು ನೇರವಾಗಿ ನಡುಗಿವಿಗೆ ನುಗ್ಗಿದರೆ ಪಕ್ಕದಲ್ಲೇ ಇರುವ ಸಮತೋಲದ ಅಂಗ ಕೆರಳಿ ತಲೆ ಗಿರ್ರನೆ ತಿರುಗುತ್ತದೆ. ಆಳದ ನೀರಿನಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದೇ ತಿಳಿಯದಾಗುತ್ತದೆ.

ಹುಡುಗಿಗೆ ಈಗ ಹನಿ ಬೇಕಾಯಿತು. ಮನೆಯಲ್ಲಿದ್ದ ಹಳೆಯ ಬಾಟಲಿಯದನ್ನು ಹಾಕಲಾಗದು. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿಗಳು ತೂತಿನ ಮೂಲಕ ಒಳಗಿವಿಗೆ ತಲುಪಿದರೆ ಕೇಳುವ ಶಕ್ತಿಯನ್ನೇ ಕೆಡಿಸಬಲ್ಲವು. ವೈದ್ಯರು ಸಿಪ್ರೊಫ್ಲಾಕ್ಸಾಸಿನ್ ಹನಿ ಕೊಟ್ಟರು. ಅದಕ್ಕೂ ಮೊದಲು ದಿನಕ್ಕೆ ಮೂರು ಬಾರಿ ಶುಚಿಯಾದ ಹತ್ತಿಬಟ್ಟೆಯನ್ನು ಬತ್ತಿಯಂತೆ ಹೊಸೆದು ಕಿವಿಯೊಳಗಿಟ್ಟು, ಒದ್ದೆಯಾದದ್ದನ್ನು ತೆಗೆದು ಒಣದನ್ನಿಡುತ್ತಾ, ಬತ್ತಿ ಒಣಗಿಯೇ ಬರುವವರೆಗೆ ಕೀವು ಒರೆಸಲು ಹೇಳಿದರು. ಸೋರುವುದು ನಿಂತಿತು, ಚರ್ಮ ಮತ್ತೆ ಹೊರಟಿತು, ಒಂಬತ್ತನೆಯ ವಾರಕ್ಕೆ ತೂತು ಮುಚ್ಚಿತ್ತು.

ಎಲ್ಲರ ಕಿವಿಯೂ ಹೀಗೆ ಮುಚ್ಚುವುದಿಲ್ಲ. ತಿಂಗಳುಗಟ್ಟಲೆ ಸೋರಿದ ಕಿವಿಯಲ್ಲಿ ಹೊರಚರ್ಮ ತೂತಿನ ಅಂಚಿನ ಮೇಲೆ ಮಡಚಿ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಆ ಅಂಚು ಬೆಳೆಯುವುದಿಲ್ಲ, ತೂತು ಶಾಶ್ವತವಾಗುತ್ತದೆ. ಸಾಮಾನ್ಯವಾಗಿ ಮೂರು ತಿಂಗಳು ಕಾದೂ ಮುಚ್ಚದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಕಿವಿಯ ಮೇಲಿನ ಸ್ನಾಯುವನ್ನು ಹೊದ್ದ ತೆಳು ಹಾಳೆಯ ಒಂದು ತುಂಡನ್ನೋ, ಕಿವಿಯ ಮೆದುಮೂಳೆಯ ಚೂರನ್ನೋ ತೆಗೆದು ತೂತಿಗೆ ಒದಗಿಸುತ್ತಾರೆ. ಆಗ ಮಡಚಿದ ಹಳೆಯ ಅಂಚನ್ನು ಕತ್ತರಿಸಿ ಮತ್ತೆ ಹಸಿಗಾಯ ಮಾಡುತ್ತಾರೆ, ಇಲ್ಲದಿದ್ದರೆ ಚರ್ಮ ಹೊರಡುವುದೇ ಇಲ್ಲ.

ಸ್ನಾನ ಬಿಡಬೇಕಿಲ್ಲ. ಬರಿಯ ಹತ್ತಿ ನೀರನ್ನು ಹೀರಿ ಒಳಗೆ ಒಯ್ಯುತ್ತದೆ. ಅದಕ್ಕೆ ವ್ಯಾಸಲೀನ್ ಚೆನ್ನಾಗಿ ಸವರಿ, ಉಂಡೆ ಮಾಡಿ ಕಿವಿಯ ಬಾಯಲ್ಲಿಟ್ಟು ಸ್ನಾನ ಮಾಡಬೇಕು, ಮುಗಿದ ಕೂಡಲೇ ತೆಗೆದು ಕಿವಿಗೆ ಗಾಳಿಯಾಡಲು ಬಿಡಬೇಕು. ಈಜು ಮಾತ್ರ ಬೇಡ. ಕಿವಿ ಮೊದಲಿನಂತೆ ಕೇಳಿಸುತ್ತಿದೆ ಎಂದು ಕೆರೆಗೆ ಇಳಿಯುವಂತಿಲ್ಲ. ಸಾಸಿವೆಕಾಳಿನಷ್ಟು ತೂತು ಉಳಿದಿದ್ದರೂ ಮಾತು ಬಹುಪಾಲು ಸರಿಯಾಗಿಯೇ ಕೇಳಿಸುತ್ತದೆ, ನೀರಿಗೆ ಆ ತೂತೇ ಸಾಕು. ಮುಚ್ಚಿದೆಯೋ ಇಲ್ಲವೋ ಎನ್ನುವುದನ್ನು ವೈದ್ಯರು ಒಳಗೆ ನೋಡಿಯೇ ಹೇಳಬೇಕು.