ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿದರೆ

ಲ್ಯಾಪ್‌ಟಾಪಿನ ಕೀಬೋರ್ಡ್ ಮೇಲೆ ಅರ್ಧ ಲೋಟ ಕಾಫಿ ಚೆಲ್ಲಿತು ಅಂದುಕೊಳ್ಳಿ. ತಕ್ಷಣ ಒರೆಸಿದಿರಿ, ಎಲ್ಲವೂ ಸರಿಯಾಗಿಯೇ ನಡೆಯಿತು. ಆದರೆ ಮರುದಿನ ನಾಲ್ಕೈದು ಕೀಗಳು ಎಷ್ಟು ಒತ್ತಿದರೂ ಅಕ್ಷರ ಮೂಡಿಸುತ್ತಿಲ್ಲ. ಅವು ಅಕ್ಕಪಕ್ಕದವೂ ಅಲ್ಲ, ಒಂದು ಇಲ್ಲಿ, ಇನ್ನೊಂದು ಅಲ್ಲಿ.

ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಕೀಗಳ ಕೆಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲಿನದರಲ್ಲೂ ಕೆಳಗಿನದರಲ್ಲೂ ವಿದ್ಯುತ್ ಹರಿಯುವ ಸಣ್ಣ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ. ನಡುವಿನ ಹಾಳೆಯಲ್ಲಿ ಪ್ರತಿ ಕೀಗೂ ಒಂದು ತೂತು. ಕೀ ಒತ್ತಿದಾಗ ಆ ತೂತಿನ ಮೂಲಕ ಎರಡು ಗೆರೆಗಳು ತಾಗುತ್ತವೆ, ಅಕ್ಷರ ಮೂಡುತ್ತದೆ. ಪ್ರತಿ ಕೀಗೂ ಪ್ರತ್ಯೇಕ ಗೆರೆ ಇರುವುದಿಲ್ಲ, ಹಲವು ಕೀಗಳು ಒಂದೇ ಗೆರೆಯನ್ನು ಹಂಚಿಕೊಂಡಿರುತ್ತವೆ. ಹಾಗಾಗಿ ಒಂದು ಗೆರೆ ತುಂಡಾದರೆ ದೂರದೂರದ ಕೀಗಳೂ ಒಟ್ಟಿಗೆ ನಿಂತುಹೋಗುತ್ತವೆ.

ಗೆರೆ ತುಂಡಾಗುವುದು ಹೇಗೆ? ಹಾಳೆಗಳ ನಡುವೆ ಇಳಿದ ದ್ರವ ಬೇಗ ಆರುವುದಿಲ್ಲ. ಅದರ ಮೂಲಕ ವಿದ್ಯುತ್ ಹರಿದಷ್ಟು ಹೊತ್ತೂ ಗೆರೆಯ ಲೋಹ ಕರಗುತ್ತ, ಸವೆಯುತ್ತ ಹೋಗುತ್ತದೆ. ಕೆಟ್ಟದ್ದು ಗೊತ್ತಾಗಲು ಒಂದೆರಡು ದಿನ ಹಿಡಿಯುವುದು ಇದಕ್ಕೇ. ಕಾಫಿಯ ಸಕ್ಕರೆ, ಹಾಲು ಅಂಟಾಗಿ ಉಳಿಯುವುದರಿಂದ ಬರೀ ನೀರಿಗಿಂತ ಅದರ ಹಾನಿ ಹೆಚ್ಚು.

ಆದ್ದರಿಂದ ಮೊದಲು ನಿಲ್ಲಿಸಬೇಕಾದದ್ದು ವಿದ್ಯುತ್ತನ್ನು, ಒರೆಸುವುದು ಆಮೇಲೆ. ಗೋಡೆಯ ಸ್ವಿಚ್ ಆರಿಸಿ ಚಾರ್ಜರ್ ಕಳಚಿ. ಫೈಲ್ ಸೇವ್ ಮಾಡಲು ಕಾಯದೆ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಮುಚ್ಚಳ ಮುಚ್ಚಿದರೆ ಸಾಲದು, ಯಂತ್ರ ಆಗ ನಿದ್ದೆಯಲ್ಲಿರುತ್ತದೆ ಅಷ್ಟೇ. ಬ್ಯಾಟರಿ ಹೊರಗೆ ತೆಗೆಯುವಂಥದಾದರೆ ತೆಗೆದುಬಿಡಿ. ಪೆನ್‌ಡ್ರೈವ್, ಮೌಸ್ ಕೂಡ ಕಳಚಿ. ಅಲುಗಾಡಿಸಬೇಡಿ. ಅಲುಗಿದರೆ ದ್ರವ ಒಳಗಿನ ಮದರ್‌ಬೋರ್ಡ್ ಕಡೆ ಹರಿಯಬಹುದು. ಮುಚ್ಚಳ ಅಗಲ ತೆರೆದು, ಕೀಬೋರ್ಡ್ ಕೆಳಮುಖವಾಗುವಂತೆ, ಮೇಜಿನ ಮೇಲೆ ಹಾಸಿದ ಒಣ ಟವೆಲ್ ಮೇಲೆ ಗುಡಾರದ ಹಾಗೆ ನಿಲ್ಲಿಸಿ. ಮೇಲೆ ಕಾಣುವ ದ್ರವವನ್ನು ಬಟ್ಟೆಯಿಂದ ಉಜ್ಜದೆ ಒತ್ತಿ ತೆಗೆಯಿರಿ.

ಹೇರ್‌ಡ್ರೈಯರ್ ಬೇಡ, ಅದರ ಬಿಸಿ ಪ್ಲಾಸ್ಟಿಕ್ಕನ್ನು ಬಗ್ಗಿಸುತ್ತದೆ. ಅಕ್ಕಿಯಲ್ಲಿ ಹೂತಿಡುವುದರಿಂದ ಹಾಳೆಗಳ ನಡುವಿನ ಕಾಫಿ ಹೊರಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಅರ್ಧ ಗಂಟೆ ಬಿಟ್ಟು 'ನಡೀತದಾ ನೋಡೋಣ' ಎಂದು ಆನ್ ಮಾಡುವುದು.

ಈಗಿನ ಹೆಚ್ಚಿನ ಯಂತ್ರಗಳಲ್ಲಿ ಬ್ಯಾಟರಿ ಒಳಗೇ ಇರುತ್ತದೆ. ಆಫ್ ಆಗಿದ್ದರೂ ಬೋರ್ಡಿನ ಕೆಲವು ಭಾಗಗಳಿಗೆ ಅದರಿಂದ ವಿದ್ಯುತ್ ಹೋಗುತ್ತಲೇ ಇರುತ್ತದೆ. ಒಣಗಲೆಂದು ಮನೆಯಲ್ಲಿ ಎರಡು ದಿನ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ ಸುರಕ್ಷಿತವಲ್ಲ. ಆ ಗಂಟೆಯೊಳಗೇ ರಿಪೇರಿ ಅಂಗಡಿಗೆ ಹೊರಡಿ. ಅಲ್ಲಿ ತಳ ಬಿಚ್ಚಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆಯುತ್ತಾರೆ. ಕೀಬೋರ್ಡಿನ ಹಾಳೆಗಳನ್ನು ಸಾಮಾನ್ಯವಾಗಿ ಬಿಡಿಸಿ ತೊಳೆಯಲಾಗದು, ಗೆರೆ ಸವೆದಿದ್ದರೆ ಇಡೀ ಕೀಬೋರ್ಡ್ ಬದಲಿಸಬೇಕು. ಆ ಖರ್ಚು ಮದರ್‌ಬೋರ್ಡ್ ಬದಲಿಸುವ ಖರ್ಚಿಗಿಂತ ಎಷ್ಟೋ ಕಡಿಮೆ.

ಚೆಲ್ಲಿದ್ದು ನೀರೋ, ಸಕ್ಕರೆ ಹಾಕಿದ ಕಾಫಿಯೋ ಎಂಬುದನ್ನು ಅಂಗಡಿಯವರಿಗೆ ಮುಚ್ಚಿಡದೆ ಹೇಳಿ. ಎಲ್ಲಿ, ಎಷ್ಟು ತೊಳೆಯಬೇಕೆಂದು ಅವರು ನಿರ್ಧರಿಸುವುದು ಅದರ ಮೇಲೆಯೇ.