ತಿಂಗಳ ಕೊನೆಯ ಶುಕ್ರವಾರ ಯಾವಾಗ?

ತಿಂಗಳ ಕೊನೆಯ ಶುಕ್ರವಾರವನ್ನು ನಾಲ್ಕನೆಯ ಶುಕ್ರವಾರವೆಂದು ಎಣಿಸಿದರೆ ಲೆಕ್ಕ ತಪ್ಪಬಹುದು. 2024ರ ಮಾರ್ಚ್‌ನಲ್ಲಿ ಐದು ಶುಕ್ರವಾರಗಳಿದ್ದವು. ಕೊನೆಯದು 29ರಂದು ಬಂದಿತ್ತು. ಆದ್ದರಿಂದ ತಿಂಗಳ ಕೊನೆಯ ದಿನದಿಂದ ಹಿಂದಕ್ಕೆ ಎಣಿಸುವುದೇ ಸರಿಯಾದ ದಾರಿ. ಎಕ್ಸೆಲ್‌ನಲ್ಲಿ ದಿನಾಂಕವು A1 ಕೋಶದಲ್ಲಿದ್ದರೆ ಈ ಸೂತ್ರ ಸಾಕು:

```
=EOMONTH(A1,0)-MOD(WEEKDAY(EOMONTH(A1,0))+1,7)
```

EOMONTH ಆ ತಿಂಗಳ ಕೊನೆಯ ದಿನವನ್ನು ಕೊಡುತ್ತದೆ. WEEKDAY ಭಾನುವಾರಕ್ಕೆ 1ರಿಂದ ಶನಿವಾರಕ್ಕೆ 7ರವರೆಗೆ ಅಂಕೆ ಹಚ್ಚುತ್ತದೆ, ಶುಕ್ರವಾರದ್ದು 6. ಅದಕ್ಕೆ 1 ಕೂಡಿಸಿ 7ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಹಿಂದಕ್ಕೆ ಹೋಗಬೇಕಾದ ದಿನಗಳ ಸಂಖ್ಯೆ. ತಿಂಗಳು ಶುಕ್ರವಾರವೇ ಮುಗಿದರೆ ಶೇಷ ಸೊನ್ನೆ, ಎಲ್ಲಿಗೂ ಹೋಗಬೇಕಿಲ್ಲ.

A1ರಲ್ಲಿ 2024ರ ಫೆಬ್ರುವರಿ 10 ಇದೆ ಎನ್ನೋಣ. ಅದು ಅಧಿಕ ವರ್ಷ. ತಿಂಗಳು 29ಕ್ಕೆ, ಗುರುವಾರ ಮುಗಿಯುತ್ತದೆ. ಗುರುವಾರದ ಅಂಕೆ 5, ಒಂದು ಕೂಡಿಸಿದರೆ 6, ಶೇಷವೂ 6. 29ರಿಂದ 6 ಕಳೆದರೆ 23, ಅದು ಶುಕ್ರವಾರವೇ.

ಉತ್ತರ 45345 ಎಂದು ಕಂಡರೆ ಗಾಬರಿ ಬೇಡ. ಎಕ್ಸೆಲ್ ದಿನಾಂಕಗಳನ್ನು ಸಂಖ್ಯೆಗಳಾಗಿಯೇ ಇಟ್ಟುಕೊಳ್ಳುತ್ತದೆ, ಕೋಶದ ನಮೂನೆಯನ್ನು ದಿನಾಂಕಕ್ಕೆ ಬದಲಿಸಿದರಾಯಿತು. ನಿಜವಾಗಿ ಮೋಸಮಾಡುವುದು ಬೇರೆ: ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರ್ 10/02/2024 ಎಂಬುದನ್ನು ಅಕ್ಟೋಬರ್ 2 ಎಂದು ಓದಿ, ಯಾವ ದೋಷಸೂಚನೆಯೂ ಇಲ್ಲದೆ ಅಕ್ಟೋಬರ್ 25 ಎಂದು ಉತ್ತರಿಸುತ್ತದೆ. ದಿನಾಂಕ ತುಂಬುವಾಗ ತಿಂಗಳ ಹೆಸರನ್ನು ಅಕ್ಷರದಲ್ಲೇ ಕಾಣುವಂತೆ ಇಟ್ಟುಕೊಳ್ಳಿ.