ಖಾಲಿ ಲಿಫ್ಟ್ ಇಳಿಯುವಾಗ

ಶಂಕಗಿರಿಯಲ್ಲಿ ಯಾವುದಾದರೂ ಎತ್ತರದ ತಾರಸಿ ಹತ್ತಿದರೆ ಮೊದಲು ಕಾಣುವುದು ದುರ್ಗದ ಬೆಟ್ಟ. ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಸೈನ್ಯ ಕಾವಲಿದ್ದ ಕೋಟೆ ಅದು. ಬೋಳುಬಂಡೆಯ ಮೇಲೆ ಒಂದರ ಹಿಂದೊಂದು ಗೋಡೆಗಳು ಏರಿಕೊಂಡು ಹೋಗಿವೆ. ಇತ್ತ ಸೇಲಂನಿಂದ ಕೊಚ್ಚಿಗೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳ ಸದ್ದು ನಿಲ್ಲುವುದೇ ಇಲ್ಲ. ಐದು ಮಹಡಿಯ ಈ ವಸತಿ ಕಟ್ಟಡದ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಆಳೆತ್ತರದ ಒಂದು ಕೋಣೆ ಇದೆ. ಕಬ್ಬಿಣದ ಬಾಗಿಲು ತೆಗೆದರೆ ಗ್ರೀಸಿನ ವಾಸನೆ, ಬಿಸಿಗಾಳಿ. ಲಿಫ್ಟಿನ ಮಷಿನ್ ರೂಮ್ ಅದು.

ತಿಂಗಳ ಸರ್ವಿಸಿಗೆ ಬಂದ ಮೆಕ್ಯಾನಿಕ್ ಸೇಲಂ ಕಡೆಯ ದೇವಾಂಗ ನೇಕಾರರ ಮನೆಯವನು. ಮನೆಮಾತು ಕನ್ನಡ, ಕಸುಬಿನ ಮಾತು ತಮಿಳು. ಮೋಟಾರಿನ ತುದಿಯ ಕೈಚಕ್ರ ತೋರಿಸಿ, ಮೇನ್ ಸ್ವಿಚ್ ಇಳಿಸಿ, ಬ್ರೇಕನ್ನು ಸಡಿಲಿಸಿದ. ಲಿಫ್ಟಿನ ಒಳಗೆ ಯಾರೂ ಇರಲಿಲ್ಲ. ಕ್ಯಾಬಿನ್ ಮೇಲೇರುವ ಕಡೆಗೆ ಚಕ್ರ ಒಂದೇ ಕೈಯಲ್ಲಿ ತಿರುಗಿತು. ಇಳಿಯುವ ಕಡೆಗೆ ತಿರುಗಿಸಲು ಅವನು ಎರಡೂ ಕೈ ಹಾಕಿ, ಕಾಲು ಊರಿ ನಿಲ್ಲಬೇಕಾಯಿತು.

“ನೋಡ್ರಣ್ಣಾ, ಖಾಲಿ ಗಾಡಿ ಕೆಳಗೆ ಇಳಿಸೋದೇ ಮೋಟಾರಿಗೆ ಕಷ್ಟ” ಎಂದ.

ಕೋಣೆಯ ನೆಲದಲ್ಲಿರುವ ಕಿಂಡಿಗಳಿಂದ ಇಣುಕಿದರೆ ಇದರ ಗುಟ್ಟು ತಿಳಿಯುತ್ತದೆ. ಉಕ್ಕಿನ ಹಗ್ಗಗಳು ದೊಡ್ಡ ರಾಟೆಯ ಮೇಲೆ ಹಾದು ಎರಡೂ ಕಡೆ ಇಳಿದಿವೆ. ಒಂದು ತುದಿಯಲ್ಲಿ ಕ್ಯಾಬಿನ್, ಇನ್ನೊಂದು ತುದಿಯಲ್ಲಿ ಚೌಕಟ್ಟಿನೊಳಗೆ ಒಂದರ ಮೇಲೊಂದು ಪೇರಿಸಿದ ಭಾರದ ಗಟ್ಟಿಗಳು. ಇದೇ ಪ್ರತಿಭಾರ, ಮೆಕ್ಯಾನಿಕ್‌ಗಳ ಬಾಯಲ್ಲಿ ಕೌಂಟರ್‌ವೇಟ್. ಬಾವಿಯ ಏತದಲ್ಲಿ ಬಾನಿ ಒಂದು ತುದಿಗೆ, ಕಲ್ಲು ಇನ್ನೊಂದು ತುದಿಗೆ ಇದ್ದಂತೆಯೇ ಇದು. ತುಂಬಿದ ಬಾನಿಯನ್ನು ಎತ್ತುವಾಗ ಕಲ್ಲು ನೆರವಾಗುತ್ತದೆ. ಅದಕ್ಕೆ ಬದಲಾಗಿ ಖಾಲಿ ಬಾನಿಯನ್ನು ಬಾವಿಗೆ ಇಳಿಸುವಾಗ ಆ ಕಲ್ಲನ್ನು ನಾವು ಎತ್ತಬೇಕು.

ಈ ಲಿಫ್ಟು ಆರು ಜನರದ್ದು. ನಮ್ಮ ದೇಶದ ಲೆಕ್ಕದಲ್ಲಿ ಒಬ್ಬರಿಗೆ 68 ಕಿಲೋ, ಆದ್ದರಿಂದ ಗೋಡೆಯ ಫಲಕದಲ್ಲಿ 408 ಕಿಲೋ ಎಂದಿರುತ್ತದೆ. ಕ್ಯಾಬಿನ್ನಿನ ಸ್ವಂತ ತೂಕ 600 ಕಿಲೋ ಎಂದಿಟ್ಟುಕೊಳ್ಳೋಣ. ಪ್ರತಿಭಾರವನ್ನು ಸಾಮಾನ್ಯವಾಗಿ ಕ್ಯಾಬಿನ್ನಿನ ತೂಕಕ್ಕೆ ಪೂರ್ಣ ಹೊರೆಯ ಅರ್ಧದಷ್ಟನ್ನು ಕೂಡಿಸಿ ಇಡುತ್ತಾರೆ: 600 ಮತ್ತು 204, ಒಟ್ಟು 804 ಕಿಲೋ. ಒಳಗೆ ಮೂವರು ನಿಂತರೆ ಎರಡೂ ಕಡೆ ಸಮ. ಆಗ ಮೋಟಾರು ಉಜ್ಜಾಟವನ್ನಷ್ಟೇ ಗೆದ್ದರೆ ಸಾಕು. ಆರು ಜನ ತುಂಬಿದರೆ ಕ್ಯಾಬಿನ್ ಕಡೆ 204 ಕಿಲೋ ಹೆಚ್ಚು, ಯಾರೂ ಇಲ್ಲದಿದ್ದರೆ ಪ್ರತಿಭಾರದ ಕಡೆ ಅದೇ 204 ಕಿಲೋ ಹೆಚ್ಚು. ಮೋಟಾರಿನ ಪಾಲಿಗೆ ಆರು ಜನರನ್ನು ಮೇಲೆ ಒಯ್ಯುವುದೂ ಖಾಲಿ ಕ್ಯಾಬಿನ್ನನ್ನು ಕೆಳಗೆ ತರುವುದೂ ಒಂದೇ ದುಡಿಮೆ.

ಭಾರವನ್ನು 9.8ರಿಂದ ಗುಣಿಸಿ, ಬಂದದ್ದನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಗುಣಿಸಿದರೆ ಬೇಕಾದ ಶಕ್ತಿ ಜೂಲ್‌ಗಳಲ್ಲಿ ಸಿಗುತ್ತದೆ. ನೆಲದಿಂದ ಐದನೇ ಮಹಡಿಗೆ 15 ಮೀಟರ್. ಒಬ್ಬ ಮನುಷ್ಯ ಅಷ್ಟೆತ್ತರ ಏರಲು 68 × 9.8 × 15, ಅಂದರೆ ಸುಮಾರು 10,000 ಜೂಲ್. ವಿದ್ಯುತ್ ಮೀಟರಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಏನೂ ಪೋಲಾಗದ ಯಂತ್ರವೊಂದಿದ್ದರೆ ಒಂದೇ ಯೂನಿಟ್‌ನಲ್ಲಿ 360 ಜನರನ್ನು ಐದನೇ ಮಹಡಿಗೆ ತಲುಪಿಸಬಹುದು. ಪ್ರತಿಭಾರವಿಲ್ಲದೆ ಕ್ಯಾಬಿನ್ ಸಮೇತ ಒಬ್ಬರನ್ನು ಎತ್ತಬೇಕಾಗಿದ್ದರೆ ಪ್ರತಿ ಸಲ 98,000 ಜೂಲ್ ಬೇಕಾಗುತ್ತಿತ್ತು.

ಸಂಜೆ ಕೆಲಸ ಮುಗಿಸಿ ಬಂದವರೊಬ್ಬರು ಲಿಫ್ಟ್ ಹತ್ತಿ ಐದನೆಯ ಮಹಡಿಗೆ ಹೋದರು ಎನ್ನಿ. ಕ್ಯಾಬಿನ್ ಕಡೆ 668 ಕಿಲೋ, ಆಚೆ 804. ಪ್ರತಿಭಾರವೇ 136 ಕಿಲೋ ಹೆಚ್ಚಾದ್ದರಿಂದ ಅದು ಇಳಿಯುತ್ತಾ ಇವರನ್ನು ಎಳೆದುಕೊಂಡು ಹೋಗುತ್ತದೆ, 20,000 ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಬಳಿಕ ಕೆಳಗಿನಿಂದ ಇನ್ನೊಬ್ಬರು ಗುಂಡಿ ಒತ್ತುತ್ತಾರೆ. ಖಾಲಿ ಕ್ಯಾಬಿನ್ ಇಳಿಯಬೇಕು, ಅದಕ್ಕೆ 30,000 ಜೂಲ್. ಕಳೆದು ನೋಡಿದರೆ ಉಳಿಯುವುದು 10,000, ಅಂದರೆ ಮೇಲೆ ಹೋದವರ ಮೈಭಾರವನ್ನು ಎತ್ತಿದ ಶಕ್ತಿ ಮಾತ್ರ. ಬೆಳಿಗ್ಗೆ ಅದೇ ಮನುಷ್ಯ ಇಳಿದು ಹೋದಾಗ ಆ 10,000 ಜೂಲ್ ಹಿಂದಕ್ಕೆ ಬರಬೇಕು. ಈ ಕಟ್ಟಡದಲ್ಲಿ ಹತ್ತಿದವರೆಲ್ಲ ಇಳಿಯುತ್ತಾರೆ, ಇಳಿದವರೆಲ್ಲ ರಾತ್ರಿ ಮನೆಗೆ ಹತ್ತುತ್ತಾರೆ. ಹಾಗಾಗಿ ಇಡೀ ದಿನದ ಎತ್ತುವ ಕೆಲಸ ಲೆಕ್ಕದಲ್ಲಿ ಸೊನ್ನೆ. ತಿಂಗಳ ಬಿಲ್ಲಿನಲ್ಲಿ ಬರುವುದೆಲ್ಲ ಪೋಲು ಮತ್ತು ಕಾಯುವಿಕೆ, ಈ ಎರಡೇ. ನನಗೆ ಇಡೀ ಲೆಕ್ಕದಲ್ಲಿ ಅತಿ ಮುಖ್ಯವೆನಿಸಿದ್ದು ಇದು.

ಮೊದಲು ಪೋಲಿನ ಕಡೆ ನೋಡೋಣ. ಇಲ್ಲಿರುವುದು 5 ಎಚ್‌ಪಿ ಮೋಟಾರು, ಸುರುಳಿ ಹಲ್ಲಿನ ವರ್ಮ್ ಗೇರ್. ಈ ಜಾತಿಯ ಗೇರಿನಲ್ಲಿ ಹಲ್ಲು ಹಲ್ಲಿನ ಮೇಲೆ ಜಾರುತ್ತಾ ತಿರುಗುವುದರಿಂದ ಎಣ್ಣೆ ಬಿಸಿಯಾಗುತ್ತದೆ. ಗೇರು ಮೋಟಾರು ಎರಡೂ ಸೇರಿ, ಒಳಗೆ ಹೋದ ವಿದ್ಯುತ್ತಿನ ಅರ್ಧದಷ್ಟು ಮಾತ್ರ ಹಗ್ಗಕ್ಕೆ ತಲುಪುತ್ತದೆ ಎಂದು ಹಿಡಿಯಬಹುದು. ಖಾಲಿ ಕ್ಯಾಬಿನ್ ಇಳಿಸಲು 30,000 ಜೂಲ್ ಸಾಲದು, 60,000 ಬೇಕು. ಇನ್ನು ಪ್ರತಿಭಾರ ತಾನೇ ಎಳೆಯುವಾಗ ಬಿಡುಗಡೆಯಾದ ಶಕ್ತಿ ಮೀಟರಿಗೆ ಮರಳುವುದಿಲ್ಲ, ಗೇರಿನಲ್ಲೇ ಕಾವಾಗಿ ಹೋಗುತ್ತದೆ. ಆಗಲೂ ಮೋಟಾರು ತಾನು ತಿರುಗುವುದಕ್ಕಾಗಿ ಸುಮಾರು 600 ವ್ಯಾಟ್ ಎಳೆಯುತ್ತದೆ. ಸೆಕೆಂಡಿಗೆ 0.68 ಮೀಟರ್ ವೇಗದಲ್ಲಿ 15 ಮೀಟರ್‌ಗೆ 22 ಸೆಕೆಂಡು, ಅಂದರೆ 13,000 ಜೂಲ್. ಒಬ್ಬರನ್ನು ಹತ್ತಿಸಿ ಖಾಲಿ ಇಳಿದ ಒಂದು ಸುತ್ತಿಗೆ 73,000 ಜೂಲ್ ಆಯಿತು. ಒಬ್ಬರನ್ನು ಇಳಿಸಿ ಖಾಲಿ ಹತ್ತಿದ ಸುತ್ತು ಇದೇ ರೀತಿಯಲ್ಲಿ 53,000. ಸರಾಸರಿ 63,000.

ಎಲ್ಲರೂ ಐದನೆಯ ಮಹಡಿಯವರಲ್ಲ. ಲಿಫ್ಟುಗಳ ವಿದ್ಯುತ್ ಲೆಕ್ಕಕ್ಕೆಂದೇ 2015ರಲ್ಲಿ ಬಂದ ಐಎಸ್‌ಒ 25745-2 ಮಾನದಂಡವೂ ಇಂಥ ಕಟ್ಟಡಗಳಿಗೆ ಸರಾಸರಿ ಓಟವನ್ನು ಪೂರ್ಣ ಎತ್ತರದ ಅರ್ಧದಷ್ಟು ಎಂದೇ ಹಿಡಿಯುತ್ತದೆ. ಇಪ್ಪತ್ತು ಮನೆಗಳಿಗೆ ದಿನಕ್ಕೆ 120 ಓಟ ಎಂದರೆ 60 ಸುತ್ತು. ಎಲ್ಲ ಸೇರಿ ಅರ್ಧ ಯೂನಿಟ್‌ಗಿಂತ ಚೂರು ಹೆಚ್ಚು. ಪ್ರತಿ ಸಲ ಚಾಲೂ ಆಗುವಾಗ ಮೋಟಾರು ಕ್ಷಣಕಾಲ ಹಲವು ಪಟ್ಟು ಕರೆಂಟ್ ಎಳೆಯುತ್ತದಲ್ಲ, ಅದನ್ನು ಕೂಡಿಸಿದರೂ ದಿನಕ್ಕೆ ಮುಕ್ಕಾಲು ಯೂನಿಟ್ ಆಸುಪಾಸು. ತಿಂಗಳಿಗೆ ಸುಮಾರು ಇಪ್ಪತ್ತೆರಡೂವರೆ ಯೂನಿಟ್.

ಉಳಿದದ್ದು ಕಾಯುವಿಕೆ. ದಿನದ 24 ಗಂಟೆಯಲ್ಲಿ ಈ ಲಿಫ್ಟು ಓಡುವುದು ಅರ್ಧ ಗಂಟೆಯೂ ಇಲ್ಲ. ಉಳಿದ ಹೊತ್ತೆಲ್ಲ ಯಾವುದೋ ಮಹಡಿಯಲ್ಲಿ ಬಾಗಿಲು ಮುಚ್ಚಿಕೊಂಡು ನಿಂತಿರುತ್ತದೆ. ಆದರೆ ಒಳಗೆ ಎರಡು ಹಳೆಯ ಟ್ಯೂಬ್‌ಲೈಟ್ ಉರಿಯುತ್ತಿವೆ, ಚಾವಣಿಯ ಫ್ಯಾನು ಯಾರಿಗೂ ಇಲ್ಲದ ಗಾಳಿ ಬೀಸುತ್ತಿದೆ, ಮಷಿನ್ ರೂಮಿನಲ್ಲಿ ಕಂಟ್ರೋಲರ್ ಪೆಟ್ಟಿಗೆ ಗುಂಯ್ ಎನ್ನುತ್ತಿದೆ. ಮೂರೂ ಸೇರಿ 140 ವ್ಯಾಟ್ ಎಂದು ಹಿಡಿದರೆ ದಿನಕ್ಕೆ 3.36 ಯೂನಿಟ್, ತಿಂಗಳಿಗೆ ನೂರು. ಓಡುವ ಖರ್ಚಿನ ನಾಲ್ಕು ಪಟ್ಟಿಗೂ ಹೆಚ್ಚು, ನಿಂತ ಖರ್ಚು.

ತಮಿಳುನಾಡಿನಲ್ಲಿ ಈ ಲೆಕ್ಕಕ್ಕೆ ಇನ್ನೂ ಒಂದು ಕಾರಣವಿದೆ. 2022ರ ಸೆಪ್ಟೆಂಬರಿನಲ್ಲಿ ವಸತಿ ಕಟ್ಟಡಗಳ ಸಾಮಾನ್ಯ ಮೀಟರಿಗೆ, ಅಂದರೆ ಲಿಫ್ಟು, ಪಂಪು, ಮೆಟ್ಟಿಲ ದೀಪಗಳಿಗೆ, ಯೂನಿಟ್‌ಗೆ 8 ರೂಪಾಯಿಯ ಪ್ರತ್ಯೇಕ ದರ ಬಂತು. ಮರುವರ್ಷ ದರ 5.50ಕ್ಕೆ ಇಳಿದದ್ದು ಹತ್ತು ಮನೆ, ಮೂರು ಅಂತಸ್ತು ಮೀರದ, ಲಿಫ್ಟ್ ಇಲ್ಲದ ಕಟ್ಟಡಗಳಿಗೆ ಮಾತ್ರ. ಎಂಟು ರೂಪಾಯಿಯಂತೆ ನೋಡಿದರೂ ಈ ಲಿಫ್ಟಿನ ತಿಂಗಳ ಬಿಲ್ಲು ಸುಮಾರು ಸಾವಿರ ರೂಪಾಯಿ. ಅದರಲ್ಲಿ ಎಂಟುನೂರು, ಯಾರೂ ಇಲ್ಲದ ಕ್ಯಾಬಿನ್ನಿನ ದೀಪ, ಫ್ಯಾನು, ಪೆಟ್ಟಿಗೆಗೆ.

ಮೆಕ್ಯಾನಿಕ್ ಇನ್ನೊಂದು ಸಂಗತಿ ಹೇಳಿದ. ಇತ್ತೀಚೆಗೆ ಎಲ್ಲರಿಗೂ ಕ್ಯಾಬಿನ್ ಚೆಂದ ಮಾಡಿಸುವ ಆಸೆ. ಗ್ರಾನೈಟಿಗೆ ಹೆಸರಾದ ಸೀಮೆ ಇದು, ನೆಲಕ್ಕೆ ಹಾಸಿಬಿಡುತ್ತಾರೆ. ಒಂದು ಚದರ ಮೀಟರ್ ದಾಟುವ ನೆಲಕ್ಕೆ 20 ಮಿಲಿಮೀಟರ್ ದಪ್ಪದ ಕಲ್ಲೆಂದರೆ ಹತ್ತಿರ ಹತ್ತಿರ 60 ಕಿಲೋ, ಒಬ್ಬ ಮನುಷ್ಯ ಸದಾ ಒಳಗೆ ನಿಂತಂತೆ. ಪ್ರತಿಭಾರ 204 ಕಿಲೋ ಹೆಚ್ಚಿದ್ದದ್ದು ಈಗ 144ಕ್ಕೆ ಇಳಿಯಿತು. ಖಾಲಿ ಇಳಿಯುವ ಕೆಲಸ ಹಗುರವಾದ್ದರಿಂದ ಬಿಲ್ಲು ಚೂರು ಇಳಿಯಲೂಬಹುದು, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹಬ್ಬದ ದಿನ ಆರು ಜನ ತುಂಬಿದಾಗ ಮಾತ್ರ ಕ್ಯಾಬಿನ್ ಕಡೆ 264 ಕಿಲೋ ಹೆಚ್ಚಾಗುತ್ತದೆ. ಮೋಟಾರು ತನ್ನ ಮಿತಿಯ ಅಂಚಿಗೆ ಬಂದು ಬಿಸಿಯಾಗುತ್ತದೆ, ತುಂಬಿ ಇಳಿಯುವಾಗ ಬ್ರೇಕು ಹೆಚ್ಚು ಜಾರಿ ಕ್ಯಾಬಿನ್ ಮಹಡಿಯ ಮಟ್ಟಕ್ಕಿಂತ ಕೆಳಗೆ ನಿಲ್ಲುತ್ತದೆ. ಹೊಸ್ತಿಲಿಗೂ ಕ್ಯಾಬಿನ್ ನೆಲಕ್ಕೂ ನಡುವೆ ಎಡವುವಷ್ಟು ಅಂತರ ಬರತೊಡಗಿದರೆ ಕಾರಣ ಇದೂ ಇರಬಹುದು.

ಪರೀಕ್ಷೆ ಕಷ್ಟವಲ್ಲ. ಕ್ಯಾಬಿನ್ನಿನಲ್ಲಿ 204 ಕಿಲೋ ತೂಕವಿಟ್ಟು, ಅದು ಅರ್ಧ ಎತ್ತರ ದಾಟುವ ಗಳಿಗೆಯಲ್ಲಿ ಮೋಟಾರಿನ ಕರೆಂಟನ್ನು ಕ್ಲ್ಯಾಂಪ್ ಮೀಟರಿನಿಂದ ನೋಡಬೇಕು. ಹತ್ತುವಾಗ, ಇಳಿಯುವಾಗ ಒಂದೇ ಅಂಕಿ ಬಂದರೆ ತೂಕ ಸಮವಾಗಿದೆ. ಹತ್ತುವಾಗ ಹೆಚ್ಚು ಬಂದರೆ ಕ್ಯಾಬಿನ್ ಭಾರವಾಗಿದೆ. ಅರ್ಧ ಎತ್ತರವೇ ಏಕೆಂದರೆ ಹಗ್ಗದ ಭಾರ ಅಲ್ಲಿ ಮಾತ್ರ ಎರಡೂ ಕಡೆ ಸರಿಸಮ. ಆದರೆ ಕ್ಲ್ಯಾಂಪ್ ಮೀಟರ್ ತೋರಿಸುವ ಆಂಪಿಯರ್ ನೋಡಿ ಯೂನಿಟ್ ಹೇಳಲಾಗದು. ಮೋಟಾರು ಹಗುರವಾಗಿ ಓಡುವಾಗಲೂ ಆಂಪಿಯರ್ ಸಾಕಷ್ಟಿರುತ್ತದೆ, ವ್ಯಾಟ್ ಮಾತ್ರ ಕಡಿಮೆ. ಯೂನಿಟ್ ಬೇಕಾದರೆ ಲಿಫ್ಟಿಗೆ ಬೇರೆಯೇ ಮೀಟರ್ ಕೂರಿಸಬೇಕು.

ಇಳಿಯುವ ಭಾರದ ಶಕ್ತಿಯನ್ನು ವಿದ್ಯುತ್ತಾಗಿ ಹಿಂದಿರುಗಿಸುವ ಡ್ರೈವ್‌ಗಳು ಮಾರುಕಟ್ಟೆಯಲ್ಲಿವೆ. ದಿನವಿಡೀ ಓಡುವ ಎತ್ತರದ ಕಟ್ಟಡಗಳಿಗೆ ಅವು ತಕ್ಕವು. ದಿನಕ್ಕೆ ಮುಕ್ಕಾಲು ಯೂನಿಟ್ ಓಡುವ ಇಲ್ಲಿ ಅದು ಎಷ್ಟನ್ನು ಮರಳಿಸಿದರೂ ಹಾಕಿದ ದುಡ್ಡು ಹುಟ್ಟುವುದಿಲ್ಲ. ಇಂಥ ಕಟ್ಟಡಗಳ ಸಂಘಗಳಿಗೆ ನನ್ನ ಕೋರಿಕೆ ಇಷ್ಟೇ: ಮುಂದಿನ ಸರ್ವಿಸಿನ ದಿನ ಕ್ಯಾಬಿನ್ನಿಗೆ ಎಲ್‌ಇಡಿ ದೀಪ ಹಾಕಿಸಿ, ಲಿಫ್ಟ್ ನಿಂತ ಕೆಲವು ನಿಮಿಷಕ್ಕೆ ದೀಪವೂ ಫ್ಯಾನೂ ತಾವೇ ಆರುವಂತೆ ಕಂಟ್ರೋಲರಿನಲ್ಲಿ ಹೊಂದಿಸಲು ಹೇಳಿ. ತಿಂಗಳಿಗೆ ಅರವತ್ತು ಯೂನಿಟ್‌ನಷ್ಟು ಅಲ್ಲೇ ಉಳಿಯುತ್ತದೆ. ನೆಲಕ್ಕೆ ಕಲ್ಲು ಹಾಸಿಸಿದ್ದರೆ ಅದೇ ದಿನ ತೂಕದ ಪರೀಕ್ಷೆಯನ್ನೂ ಮಾಡಿಸಿ. ಪ್ರತಿಭಾರದ ಗಟ್ಟಿಗಳನ್ನು ಕೂಡಿಸುವ, ಕಳೆಯುವ ಕೆಲಸ ಮಾತ್ರ ಮೆಕ್ಯಾನಿಕ್‌ಗೇ ಬಿಡಿ.